ಅಮೆರಿಕದ ಗಣತಿಯಲ್ಲಿ ‘ಏಷ್ಯನ್ ಇಂಡಿಯನ್’ ಆಗುವುದೆಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾಗಳಿಂದ ಅಮೆರಿಕಕ್ಕೆ ಹೋದವರನ್ನು ಅಲ್ಲಿನ ಸರ್ಕಾರ ನೂರು ವರ್ಷಗಳಲ್ಲಿ ಹಲವು ಹೆಸರುಗಳಿಂದ ಕರೆದಿದೆ. ಒಮ್ಮೆ ‘ಹಿಂದೂ’ ಎಂದಿತು, ಒಮ್ಮೆ ‘ಬಿಳಿಯರು’ ಎಂದಿತು, 1980ರಿಂದ ‘ಏಷ್ಯನ್ ಇಂಡಿಯನ್’ ಎನ್ನುತ್ತಿದೆ. ಈ ಹೆಸರುಗಳು ಎಲ್ಲಿಂದ ಬಂದವು, ಅವುಗಳಿಂದ ಯಾರಿಗೆ ಏನಾಯಿತು, ಫಾರಂ ಕೈಗೆ ಬಂದಾಗ ಏನು ಬರೆದರೆ ಏನಾಗುತ್ತದೆ ಎಂದು ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಜನಗಣತಿಯನ್ನೇ ಮುಖ್ಯವಾಗಿ ಹಿಡಿದುಕೊಂಡಿದ್ದೇವೆ. ಮತಪತ್ರದ ಭಾಷೆಯಿಂದ ಹಿಡಿದು ದ್ವೇಷಾಪರಾಧದ ಲೆಕ್ಕದವರೆಗೆ ಹಲವು ಕಡೆ ಇಂಥದೇ ಗುಂಪುಗಳು ಬಳಕೆಯಾಗುತ್ತವೆ ಎಂಬುದು ಅದಕ್ಕೆ ಕಾರಣ.

ಬಹುಪಾಲು ಸಿಖ್ಖರೇ ಇದ್ದಾಗಲೂ ಎಲ್ಲರನ್ನೂ ‘ಹಿಂದೂ’ ಎಂದು ಬರೆದದ್ದು ಏಕೆ?

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಅಮೆರಿಕದ ಪಶ್ಚಿಮ ಕರಾವಳಿಗೆ ಬಂದವರಲ್ಲಿ ಹೆಚ್ಚಿನವರು ಪಂಜಾಬಿನ ರೈತರು ಮತ್ತು ಮಾಜಿ ಸೈನಿಕರು. ಅವರಲ್ಲಿ ಸಿಖ್ಖರೇ ಹೆಚ್ಚು, ಮುಸ್ಲಿಮರೂ ಇದ್ದರು, ಹಿಂದೂಗಳು ಕಡಿಮೆ. ‘ಇಂಡಿಯನ್’ ಎಂಬ ಹೆಸರು ಅಲ್ಲಿನ ಮೂಲನಿವಾಸಿಗಳಿಗೆ ಆಗಲೇ ಅಂಟಿಕೊಂಡಿತ್ತು. ಹಾಗಾಗಿ ‘ಹಿಂದೂಸ್ತಾನದವರು’ ಎಂಬ ಅರ್ಥದಲ್ಲಿ ಪತ್ರಿಕೆಗಳು, ವಲಸೆ ಅಧಿಕಾರಿಗಳು, ನ್ಯಾಯಾಲಯಗಳು ಎಲ್ಲರಿಗೂ ‘ಹಿಂದೂ’ ಎಂಬ ಹೆಸರನ್ನೇ ಹಚ್ಚಿದವು. ಪೇಟ ತೊಟ್ಟ ಸಿಖ್ಖನೂ ಹಿಂದೂ, ನಮಾಜು ಮಾಡುವ ಪಂಜಾಬಿಯೂ ಹಿಂದೂ. 1907ರ ಸೆಪ್ಟೆಂಬರ್ 4ರಂದು ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನಲ್ಲಿ ಬಿಳಿಯರ ಗುಂಪು ಮರದ ಕಾರ್ಖಾನೆಯ ಕೂಲಿಗಳನ್ನು ಹೊಡೆದು ಊರು ಬಿಡಿಸಿತು. ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಸಿಖ್ಖರು. ಪತ್ರಿಕೆಗಳ ಸುದ್ದಿಯಲ್ಲಿ ಮಾತ್ರ ಅವರು ‘ಹಿಂದೂ’ಗಳೇ.

1920, 1930 ಮತ್ತು 1940ರ ಜನಗಣತಿಗಳಲ್ಲಿ ಈ ಹೆಸರೇ ಜನಾಂಗದ ಅಧಿಕೃತ ವರ್ಗವಾಯಿತು. ಆಗ ಫಾರಂ ತುಂಬುತ್ತಿದ್ದವನು ಮನೆಯವನಲ್ಲ, ಗಣತಿದಾರ. ಅವನು ಕಂಡಂತೆ ‘ಬಣ್ಣ ಅಥವಾ ಜನಾಂಗ’ದ ಕಾಲಂನಲ್ಲಿ ಸಂಕ್ಷೇಪವಾಗಿ `Hin` ಎಂದು ಬರೆಯಬೇಕಿತ್ತು.

ಈ ಹಾಳೆಗಳು ಈಗ ಸಾರ್ವಜನಿಕರಿಗೆ ಸಿಗುತ್ತವೆ. ಗಣತಿಯ ಮನೆವಾರು ದಾಖಲೆಗಳನ್ನು 72 ವರ್ಷಗಳ ನಂತರ ಬಿಡುಗಡೆ ಮಾಡುವುದು ಅಲ್ಲಿನ ನಿಯಮ. 1950ರ ಹಾಳೆಗಳು 2022ರ ಏಪ್ರಿಲ್‌ನಲ್ಲಿ ಹೊರಬಂದವು. ಹಳೆಯ ವಲಸಿಗರನ್ನು ಹುಡುಕುವವರು ಹೆಸರನ್ನು ಮಾತ್ರ ನೆಚ್ಚಿಕೊಳ್ಳಬಾರದು. ಗಣತಿದಾರ ಕಿವಿಗೆ ಬಿದ್ದಂತೆ ಹೆಸರು ಬರೆಯುತ್ತಿದ್ದ, ‘ಸಿಂಗ್’ ಎಂಬುದನ್ನೇ ನಾಲ್ಕಾರು ರೀತಿ ಬರೆದದ್ದುಂಟು. ನಮ್ಮ ಜಿಲ್ಲೆಯಂಥ ಕೌಂಟಿ, ಜನಾಂಗದ ಸಂಕ್ಷೇಪ ಮತ್ತು ಹುಟ್ಟಿದ ದೇಶ ಈ ಮೂರನ್ನೂ ಸೇರಿಸಿ ಹುಡುಕಿದರೆ ಸಿಗುವ ಸಾಧ್ಯತೆ ಹೆಚ್ಚು.

ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ನಿಜವಾಗಿ ಏನು ತೀರ್ಮಾನವಾಯಿತು?

ಆ ಕಾಲದ ಕಾನೂನಿನಂತೆ ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರು’ ಮತ್ತು ಆಫ್ರಿಕನ್ ಮೂಲದವರು ಮಾತ್ರ ಅಮೆರಿಕದ ಪೌರರಾಗಬಹುದಿತ್ತು. ಥಿಂಡ್ ಪಂಜಾಬಿನ ಸಿಖ್ಖರು, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಅವರ ವಾದ ಆ ಕಾಲದ ಜನಾಂಗಶಾಸ್ತ್ರವನ್ನೇ ಆಧರಿಸಿತ್ತು: ಉತ್ತರ ಭಾರತದವರನ್ನು ವಿದ್ವಾಂಸರು ಯುರೋಪಿನವರೂ ಸೇರುವ ಕಾಕಸಿಯನ್ ಜನಾಂಗದವರು ಎನ್ನುತ್ತಾರೆ, ಆದ್ದರಿಂದ ನಾನು ಬಿಳಿಯ.

ಈ ವಾದಕ್ಕೆ ಬಲ ಬಂದದ್ದು ಕೆಲವೇ ತಿಂಗಳ ಹಿಂದಿನ ಇನ್ನೊಂದು ತೀರ್ಪಿನಿಂದ. 1922ರ ನವೆಂಬರ್‌ನಲ್ಲಿ ಜಪಾನಿನ ಒಜಾವಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಿಳಿಯ ಎಂದರೆ ಕಾಕಸಿಯನ್, ಚರ್ಮದ ಬಣ್ಣವೊಂದೇ ಸಾಲದು ಎಂದಿತ್ತು. ಆದರೆ 1923ರ ಫೆಬ್ರವರಿ 19ರಂದು ಅದೇ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಥಿಂಡ್ ವಿಷಯದಲ್ಲಿ ಬರೆದದ್ದು ಬೇರೆ: ವಿದ್ವಾಂಸರು ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಇವರು ಬಿಳಿಯರಲ್ಲ. ಮೂರೇ ತಿಂಗಳಲ್ಲಿ ಅಳತೆಗೋಲೇ ಬದಲಾಗಿತ್ತು.

ತೀರ್ಪಿನ ನಂತರ ಆಗಲೇ ಪೌರತ್ವ ಪಡೆದಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಳ್ಳಲು ಸರ್ಕಾರ ಹೊರಟಿತು. ಕ್ಯಾಲಿಫೋರ್ನಿಯಾದಲ್ಲಿ ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿ ಹೊಂದುವಂತಿರಲಿಲ್ಲ. ಹಾಗಾಗಿ ಪಂಜಾಬಿ ರೈತರು ಅಮೆರಿಕದಲ್ಲಿ ಹುಟ್ಟಿದ ತಮ್ಮ ಮಕ್ಕಳ ಹೆಸರಿನಲ್ಲೋ ನಂಬಿಕೆಯ ಬಿಳಿಯರ ಹೆಸರಿನಲ್ಲೋ ಜಮೀನು ಇಟ್ಟುಕೊಂಡು ಬೇಸಾಯ ಮಾಡಿದರು. 1946ರ ಜುಲೈ 2ರ ಲೂಸ್-ಸೆಲ್ಲರ್ ಕಾಯಿದೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ಆದರೆ ವಲಸೆಗೆ ಸಿಕ್ಕ ಪಾಲು ವರ್ಷಕ್ಕೆ 100 ಜನ ಮಾತ್ರ.

ಥಿಂಡ್ ಅವರ ವಾದದಲ್ಲಿ ನೋವಿನ ಸಂಗತಿಯೊಂದಿದೆ. ಅವರು ಬಿಳಿಯರಿಗೆ ಮಾತ್ರ ಎಂಬ ಕಟ್ಟಳೆಯನ್ನೇ ಪ್ರಶ್ನಿಸಲಿಲ್ಲ, ಆ ಕಟ್ಟಳೆಯೊಳಗೆ ತಮಗೊಂದು ಜಾಗ ಕೇಳಿದರು. ಅದಕ್ಕೆ ತಮ್ಮ ಮೇಲ್ಜಾತಿಯ ಹುಟ್ಟನ್ನೂ ಆಧಾರವಾಗಿ ಮುಂದಿಟ್ಟರು. ಕಾನೂನು ಬಿಟ್ಟಿದ್ದ ದಾರಿ ಅಷ್ಟೇ ಆಗಿತ್ತು ಎಂಬುದೂ ನಿಜ. ಆದರೂ ಈ ಮೊಕದ್ದಮೆಯನ್ನು ಸಮಾನತೆಯ ಹೋರಾಟ ಎಂದಷ್ಟೇ ಹೇಳಿ ಮುಗಿಸುವುದು ಸರಿಯಲ್ಲ.

1970ರಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದ್ದರಂತೆ, ನಿಜವೇ?

ನಿಜ. 1940ರ ನಂತರ ‘ಹಿಂದೂ’ ವರ್ಗ ಕೈಬಿಟ್ಟುಹೋಯಿತು. 1965ರ ವಲಸೆ ಕಾಯಿದೆಯಿಂದ ವೈದ್ಯರು, ಎಂಜಿನಿಯರುಗಳು ಬರತೊಡಗಿದ ಮೇಲೆ ನಡೆದ ಮೊದಲ ಗಣತಿ 1970ರದು. ಅದರಲ್ಲಿ ಭಾರತೀಯರಿಗೆ ಬಾಕ್ಸ್ ಇರಲಿಲ್ಲ, ಲೆಕ್ಕ ಹಾಕುವಾಗ ಅವರನ್ನು ಬಿಳಿಯರ ಜೊತೆ ಸೇರಿಸಲಾಯಿತು. ಥಿಂಡ್ ಕೇಳಿ ಪಡೆಯಲಾಗದ್ದು 47 ವರ್ಷಗಳ ನಂತರ ಯಾರೂ ಕೇಳದೆ ಬಂದಿತ್ತು. ಅಷ್ಟರಲ್ಲಿ ಅದರ ಬೆಲೆಯೂ ಬದಲಾಗಿತ್ತು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ನಂತರ, ತಾರತಮ್ಯವಾಗಿದೆ ಎಂದು ಅಂಕಿ-ಅಂಶದಿಂದ ತೋರಿಸಬೇಕಾದರೆ ಮೊದಲು ಒಂದು ಗುಂಪಾಗಿ ಎಣಿಕೆಯಾಗಬೇಕು. ಬಿಳಿಯರ ಲೆಕ್ಕದಲ್ಲಿ ಕರಗಿಹೋದವರು ನೌಕರಿಯಲ್ಲಿ ಬಡ್ತಿ ಸಿಗದ್ದನ್ನು ಯಾವ ಪಟ್ಟಿಯಿಂದ ತೋರಿಸಬೇಕು?

‘ಏಷ್ಯನ್ ಇಂಡಿಯನ್’ ಬಾಕ್ಸ್ ಹೇಗೆ ಬಂತು?

ಕೇಳಿದ್ದರಿಂದ ಬಂತು. 1967ರಲ್ಲಿ ಹುಟ್ಟಿದ ಅಸೋಸಿಯೇಷನ್ ಆಫ್ ಇಂಡಿಯನ್ಸ್ ಇನ್ ಅಮೆರಿಕ ಸಂಘಟನೆ 1970ರ ದಶಕದ ನಡುವೆ ಇದಕ್ಕಾಗಿ ಅಧಿಕಾರಿಗಳ ಮುಂದೆ ವಾದ ಮಂಡಿಸಿತು. ಆಗ ಕೇಂದ್ರ ಸರ್ಕಾರದ ಸಮಿತಿಯೊಂದು ಎಲ್ಲ ಇಲಾಖೆಗಳಿಗೂ ಒಂದೇ ಜನಾಂಗಪಟ್ಟಿ ತಯಾರಿಸುತ್ತಿತ್ತು. ಕರಡಿನಲ್ಲಿ ಭಾರತ ಉಪಖಂಡದ ಮೂಲದವರನ್ನು ಬಿಳಿಯರ ವರ್ಗದಲ್ಲೇ ಇಟ್ಟಿದ್ದರು. 1977ರಲ್ಲಿ ಹೊರಬಂದ ‘ಡೈರೆಕ್ಟಿವ್ 15’ ಎಂಬ ಆದೇಶದ ವೇಳೆಗೆ ಉಪಖಂಡ ‘ಏಷ್ಯನ್ ಅಥವಾ ಪೆಸಿಫಿಕ್ ದ್ವೀಪವಾಸಿ’ ವರ್ಗಕ್ಕೆ ಸರಿದಿತ್ತು. 1980ರ ಗಣತಿಯ ಫಾರಂನಲ್ಲಿ ಹೊಸ ಬಾಕ್ಸ್ ಕಾಣಿಸಿಕೊಂಡಿತು. ಬರೀ ‘ಇಂಡಿಯನ್’ ಎಂದರೆ ಮೂಲನಿವಾಸಿಗಳ ಜೊತೆ ಗೊಂದಲವಾಗುವುದರಿಂದ ಮುಂದೆ ‘ಏಷ್ಯನ್’ ಸೇರಿಸಿದರು.

ಎಲ್ಲ ಭಾರತೀಯರೂ ಇದಕ್ಕೆ ಒಪ್ಪಿರಲಿಲ್ಲ. ಓದಿ ಒಳ್ಳೆಯ ಸಂಬಳದಲ್ಲಿರುವವರು ಅಲ್ಪಸಂಖ್ಯಾತರೆಂದು ಹೇಳಿಕೊಂಡರೆ ಕರಿಯರ, ಮೂಲನಿವಾಸಿಗಳ ಪಾಲಿನ ಸವಲತ್ತಿಗೆ ಕೈ ಹಾಕಿದಂತಾಗುತ್ತದೆ, ಜನರ ಸಿಟ್ಟಿಗೂ ಗುರಿಯಾಗುತ್ತೇವೆ ಎಂಬ ಆಕ್ಷೇಪ ಒಳಗಿನಿಂದಲೇ ಬಂತು. ಅದು ತೂಕವಿದ್ದ ಆಕ್ಷೇಪ. 1982ರಲ್ಲಿ ಸಣ್ಣ ಉದ್ದಿಮೆಗಳ ಇಲಾಖೆ ‘ಏಷ್ಯನ್ ಇಂಡಿಯನ್’ ಉದ್ಯಮಿಗಳನ್ನು, ಸರ್ಕಾರಿ ಗುತ್ತಿಗೆಯಲ್ಲಿ ಮೀಸಲು ಪಡೆಯುವ ಸಾಮಾಜಿಕವಾಗಿ ಹಿಂದುಳಿದವರ ಪಟ್ಟಿಗೆ ಸೇರಿಸಿದಾಗ ಅದೇ ಚರ್ಚೆ ಮತ್ತೆ ಎದ್ದಿತು. ಎಣಿಕೆ ಬೇಕು ಎನ್ನುವುದು ಒಂದು ಮಾತು, ಮೀಸಲು ಗುತ್ತಿಗೆ ಬೇಕು ಎನ್ನುವುದು ಬೇರೆ ಮಾತು. ಈ ಎರಡನ್ನೂ ಒಂದೇ ಗಂಟು ಕಟ್ಟಿದ್ದರಿಂದ ಚರ್ಚೆ ಕಹಿಯಾಯಿತು ಎನ್ನುವುದು ನಮ್ಮ ಅಭಿಪ್ರಾಯ.

ಬಾಕ್ಸ್ ಬಂದ ಮೇಲೆ ಲೆಕ್ಕ ಸಿಗತೊಡಗಿತು. 1990ರಲ್ಲಿ 8,15,447 ಜನ, 2000ದಲ್ಲಿ 16,78,765, 2010ರಲ್ಲಿ 28,43,391, 2020ರಲ್ಲಿ 43,97,737.

ಹಾಗಾದರೆ ಪಾಕಿಸ್ತಾನಿ, ಬಾಂಗ್ಲಾದೇಶಿ, ನೇಪಾಳಿಗಳು ಎಲ್ಲಿ?

ಅವರಿಗೆ ಬಾಕ್ಸ್ ಇಲ್ಲ, ಗೆರೆ ಇದೆ. 2020ರ ಫಾರಂನಲ್ಲಿ ‘ಇತರ ಏಷ್ಯನ್’ ಎಂಬ ಬಾಕ್ಸಿಗೆ ಟಿಕ್ ಮಾಡಿ ಪಕ್ಕದಲ್ಲಿ ಕೈಯಾರೆ ಬರೆಯಬೇಕಿತ್ತು. ಉದಾಹರಣೆಯಾಗಿ ಅಲ್ಲಿ ಪಾಕಿಸ್ತಾನಿ, ಕಾಂಬೋಡಿಯನ್, ಮಾಂಗ್ ಎಂಬ ಹೆಸರುಗಳು ಅಚ್ಚಾಗಿದ್ದವು. ಬಾಕ್ಸಿಗೂ ಗೆರೆಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಬಾಕ್ಸಿಗೆ ಟಿಕ್ ಮಾಡಲು ಒಂದು ಕ್ಷಣ ಸಾಕು. ಗೆರೆಯ ಮೇಲೆ ಬರೆಯಲು ಇಂಗ್ಲಿಷ್ ಅಕ್ಷರ ಬರಬೇಕು, ಏನು ಬರೆಯಬೇಕೆಂಬುದು ಹೊಳೆಯಬೇಕು, ಬರೆದದ್ದನ್ನು ಗಣತಿ ಇಲಾಖೆಯವರು ಓದಿ ಆ ಗುಂಪಿನ ಸರಿಯಾದ ಸಂಕೇತ ಹಾಕಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆ ವ್ಯಕ್ತಿ ಬರೀ ‘ಏಷ್ಯನ್’ ಆಗಿ ಉಳಿಯುತ್ತಾನೆ.

ಗೆರೆಯ ಮೇಲೆ ಬರೆದದ್ದಕ್ಕೆ ಗಣತಿ ನಡೆಸುವ ಸೆನ್ಸಸ್ ಬ್ಯೂರೋ ಏನು ಅರ್ಥ ಕೊಡುತ್ತದೆ ಎಂಬುದೂ ಮುಖ್ಯ. 2000ದ ಗಣತಿಯ ವಿವರಣೆಯಂತೆ, ‘ದ್ರವಿಡಿಯನ್’, ‘ಭಾರತ್’, ‘ಈಸ್ಟ್ ಇಂಡಿಯನ್’, ‘ಗೋವಾನೀಸ್’ ಎಂದು ಬರೆದವರನ್ನೆಲ್ಲ ‘ಏಷ್ಯನ್ ಇಂಡಿಯನ್’ ಲೆಕ್ಕಕ್ಕೆ ಸೇರಿಸಿದರು. ‘ಬೆಂಗಾಲೀಸ್’ ಎಂದು ಬರೆದವರೂ ಅಲ್ಲಿಗೇ. ಢಾಕಾದಿಂದ ಬಂದು, ತಾನು ಬಂಗಾಳಿ ಎಂಬ ಹೆಮ್ಮೆಯಿಂದ ಹಾಗೆ ಬರೆದವನು ಭಾರತೀಯನ ಲೆಕ್ಕಕ್ಕೆ ಹೋದ. ಬಾಂಗ್ಲಾದೇಶಿ ಸಂಘಟನೆಗಳು ಗಣತಿಯ ಕಾಲದಲ್ಲಿ ದೇಶದ ಹೆಸರನ್ನೇ ಬರೆಯಿರಿ ಎಂದು ಒತ್ತಿ ಹೇಳುವುದಕ್ಕೆ ಇಂಥ ಕಾರಣಗಳಿವೆ.

ನೇಪಾಳಿಗಳ ಸಂಖ್ಯೆ 2010ರಿಂದ 2020ರ ನಡುವೆ ಸುಮಾರು ನಾಲ್ಕು ಪಟ್ಟಾಯಿತು. ಅವರಿಗೂ ಇನ್ನೂ ಗೆರೆಯೇ.

ಒಂದು ಮನೆಯ ಫಾರಂ ತುಂಬಿ ತೋರಿಸುತ್ತೀರಾ?

ನ್ಯೂಜೆರ್ಸಿಯ ಒಂದು ಮನೆ ಎಂದು ಇಟ್ಟುಕೊಳ್ಳಿ. ಗಂಡ ಹುಬ್ಬಳ್ಳಿಯವರು, ಹೆಂಡತಿ ಐರಿಷ್ ಮೂಲದ ಬಿಳಿಯ ಅಮೆರಿಕನ್, ಆರು ವರ್ಷದ ಮಗಳು. ಗಂಡನ ತಾಯಿ ಸಂದರ್ಶಕ ವೀಸಾದಲ್ಲಿ ಐದು ತಿಂಗಳಿಗೆ ಬಂದಿದ್ದಾರೆ. 2020ರ ಫಾರಂ ಪ್ರಕಾರ ನೋಡೋಣ.

ಮೊದಲ ತೀರ್ಮಾನ, ಯಾರನ್ನು ಎಣಿಸಬೇಕು ಎಂಬುದು. ಏಪ್ರಿಲ್ 1ಕ್ಕೆ ಸಾಮಾನ್ಯವಾಗಿ ಆ ಮನೆಯಲ್ಲಿ ವಾಸಿಸುವವರನ್ನು ಸೇರಿಸಬೇಕು. ಪೌರರೋ ಅಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರು, ಓದಲು ಬಂದ ವಿದ್ಯಾರ್ಥಿಗಳು ಸೇರುತ್ತಾರೆ. ನೋಡಿಹೋಗಲು ಬಂದ ಅಜ್ಜಿ ಸೇರುವುದಿಲ್ಲ, ಅವರ ವಾಸದ ಮನೆ ಹುಬ್ಬಳ್ಳಿ. ಆದ್ದರಿಂದ ಈ ಮನೆಯ ಲೆಕ್ಕ ಮೂರು.

ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ದೇಶಗಳ ಮೂಲದವರೇ ಎಂಬ ಪ್ರಶ್ನೆಗೆ ಮೂವರಿಗೂ ‘ಇಲ್ಲ’. ಮುಂದಿನ ಪ್ರಶ್ನೆ ಜನಾಂಗ. ಗಂಡ ‘ಏಷ್ಯನ್ ಇಂಡಿಯನ್’ ಬಾಕ್ಸಿಗೆ ಟಿಕ್ ಮಾಡುತ್ತಾರೆ, ಅಷ್ಟು ಸಾಕು. ಹೆಂಡತಿ ‘ವೈಟ್’ ಗುರುತು ಮಾಡಿ ಕೆಳಗಿನ ಗೆರೆಯಲ್ಲಿ ಐರಿಷ್ ಎಂದು ಬರೆಯುತ್ತಾರೆ. ಮಗಳಿಗೆ ಎರಡನ್ನೂ ಗುರುತು ಮಾಡಬಹುದು. 2000ದಿಂದ ಒಂದಕ್ಕಿಂತ ಹೆಚ್ಚು ಜನಾಂಗ ಆರಿಸಲು ಅವಕಾಶವಿದೆ, ಅದಕ್ಕೆ ಮುಂಚೆ ಒಂದನ್ನೇ ಆರಿಸಬೇಕಿತ್ತು.

ಇದರ ಫಲ ಪಟ್ಟಿಗಳಲ್ಲಿ ಹೀಗೆ ಕಾಣುತ್ತದೆ. ಗಂಡ ‘ಏಷ್ಯನ್ ಇಂಡಿಯನ್ ಮಾತ್ರ’ ಎಂಬ ಸಂಖ್ಯೆಯಲ್ಲಿದ್ದಾರೆ. ಮಗಳು ಅದರಲ್ಲಿಲ್ಲ, ‘ಮಾತ್ರ ಅಥವಾ ಇನ್ನೊಂದರ ಜೊತೆ ಸೇರಿ’ ಎಂಬ ಸಂಖ್ಯೆಯಲ್ಲಿದ್ದಾಳೆ. 2020ರಲ್ಲಿ ಮೊದಲನೆಯದು ಸುಮಾರು 44 ಲಕ್ಷ, ಎರಡನೆಯದು ಸುಮಾರು 48 ಲಕ್ಷ. ಪತ್ರಿಕೆಯೊಂದು 44 ಎಂದೂ ಇನ್ನೊಂದು 48 ಎಂದೂ ಬರೆದರೆ ಯಾರೂ ಸುಳ್ಳು ಹೇಳುತ್ತಿಲ್ಲ. ಯಾವ ಪಟ್ಟಿಯಿಂದ ತೆಗೆದದ್ದು ಎಂಬುದನ್ನು ನೋಡಬೇಕು. ‘ಮಾತ್ರ’ ಎಂಬ ಸಂಖ್ಯೆಯನ್ನೇ ಹಿಡಿದರೆ ಮಿಶ್ರ ಮದುವೆಯ ಮಕ್ಕಳು ಲೆಕ್ಕದಿಂದ ಜಾರಿಹೋಗುತ್ತಾರೆ.

ಸಾಮಾನ್ಯವಾಗಿ ಎಲ್ಲಿ ತಪ್ಪಾಗುತ್ತದೆ?

ಎಲ್ಲಕ್ಕಿಂತ ಹೆಚ್ಚಾಗಿ ‘ಅಮೆರಿಕನ್ ಇಂಡಿಯನ್’ ಬಾಕ್ಸಿನಲ್ಲಿ. ತಾನು ಭಾರತೀಯ, ಈಗ ಅಮೆರಿಕದ ಪೌರ, ಹಾಗಾಗಿ ಅಮೆರಿಕನ್ ಇಂಡಿಯನ್ ಎಂದು ಹೊಸಬರು ತಿಳಿಯುವುದು ಸಹಜ. ಆ ಬಾಕ್ಸ್ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳದು. ಅಲ್ಲಿ ಟಿಕ್ ಮಾಡಿದರೆ ಅವರ ಲೆಕ್ಕ ಕೆಡುತ್ತದೆ. ಚಿಕ್ಕ ಊರುಗಳಲ್ಲಿ ನಾಲ್ಕೈದು ಮನೆಯವರು ಹೀಗೆ ಮಾಡಿದರೂ ಆ ಸಮುದಾಯದ ಸಂಖ್ಯೆ ಗಮನಕ್ಕೆ ಬರುವಷ್ಟು ಏರುಪೇರಾಗುತ್ತದೆ. ಗುರುತು ಹಿಡಿಯುವುದು ಸುಲಭ: ಬಾಕ್ಸಿನ ಜೊತೆಗಿರುವ ಗೆರೆ ಬುಡಕಟ್ಟಿನ ಹೆಸರು ಕೇಳುತ್ತಿದ್ದರೆ ಅದು ನಿಮ್ಮ ಬಾಕ್ಸ್ ಅಲ್ಲ.

ಎರಡನೆಯದು ಗಯಾನಾ, ಟ್ರಿನಿಡಾಡ್‌ಗಳ ಮೂಲಕ ಬಂದ ಭಾರತೀಯ ಮೂಲದವರದು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ರಿಚ್ಮಂಡ್ ಹಿಲ್ ಇವರ ದೊಡ್ಡ ನೆಲೆ. ಇವರ ಪೂರ್ವಜರು ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದವರು. ಭಾರತದಿಂದ ನೇರವಾಗಿ ಬಂದವರು ಇವರನ್ನು ತಮ್ಮವರೆಂದು ಕಾಣದಿರುವುದೂ ಉಂಟು. ಅವರು ‘ಬೇರೆ ಜನಾಂಗ’ ಎಂದು ಗುರುತು ಮಾಡಿ ಗಯಾನೀಸ್ ಎಂದಷ್ಟೇ ಬರೆದರೆ ಏಷ್ಯನ್ ಲೆಕ್ಕದಲ್ಲಿ ಕಾಣುವುದಿಲ್ಲ. ‘ಏಷ್ಯನ್ ಇಂಡಿಯನ್’ ಎಂದಷ್ಟೇ ಗುರುತು ಮಾಡಿದರೆ ಗಯಾನಾ ಕಾಣುವುದಿಲ್ಲ. ಬಾಕ್ಸಿಗೆ ಟಿಕ್ ಮಾಡಿ ಗೆರೆಯಲ್ಲಿ ಗಯಾನೀಸ್ ಎಂದೂ ಬರೆಯುವುದು ಎರಡನ್ನೂ ಉಳಿಸಿಕೊಳ್ಳುವ ದಾರಿ. 2010ರಲ್ಲಿ ಗೆರೆಯ ಮೊದಲ 30 ಅಕ್ಷರ ಮಾತ್ರ ದಾಖಲಾಗುತ್ತಿತ್ತು, ಎರಡು ಗುರುತುಗಳಿಗಷ್ಟೇ ಸಂಕೇತ ಸಿಗುತ್ತಿತ್ತು. 2020ರಲ್ಲಿ ಅದನ್ನು 200 ಅಕ್ಷರ, ಆರು ಗುರುತುಗಳಿಗೆ ಹೆಚ್ಚಿಸಿದರು. ಆದ್ದರಿಂದ ಈಗ ಪೂರ್ತಿ ಬರೆಯಲು ಅಂಜಬೇಕಿಲ್ಲ.

ಸಿಖ್ಖರಿಗೆ ಪ್ರತ್ಯೇಕ ಲೆಕ್ಕ ಹೇಗೆ ಸಿಕ್ಕಿತು? ಗಣತಿ ಧರ್ಮ ಕೇಳುವುದಿಲ್ಲವಲ್ಲ?

ಧರ್ಮವನ್ನು ಕಡ್ಡಾಯ ಪ್ರಶ್ನೆಯಾಗಿ ಕೇಳುವಂತಿಲ್ಲ ಎಂದು 1976ರ ಕಾನೂನು ಹೇಳುತ್ತದೆ. ಸಿಖ್ ಸಂಘಟನೆಗಳು ಹಿಡಿದ ದಾರಿ ಬೇರೆ: ನಾವು ಧರ್ಮವಷ್ಟೇ ಅಲ್ಲ, ಒಂದು ಜನಸಮುದಾಯ. ವರ್ಷಗಳ ಒತ್ತಾಯದ ನಂತರ 2020ರಲ್ಲಿ ಗೆರೆಯ ಮೇಲೆ ಸಿಖ್ ಎಂದು ಬರೆದವರಿಗೆ ಪ್ರತ್ಯೇಕ ಸಂಕೇತ ಸಿಕ್ಕಿತು. ಇದು ಬಾಕ್ಸ್ ಅಲ್ಲ, ಕೈಯಾರೆ ಬರೆದವರ ಲೆಕ್ಕ ಮಾತ್ರ. ‘ಏಷ್ಯನ್ ಇಂಡಿಯನ್’ ಎಂದಷ್ಟೇ ಟಿಕ್ ಮಾಡಿದ ಸಿಖ್ಖರು ಇದರಲ್ಲಿ ಬರುವುದಿಲ್ಲ, ಹಾಗಾಗಿ ಬಂದ ಸಂಖ್ಯೆಯನ್ನು ಅಮೆರಿಕದ ಸಿಖ್ಖರ ಒಟ್ಟು ಸಂಖ್ಯೆ ಎಂದು ಹೇಳುವುದು ತಪ್ಪು.

ಅವರ ಒತ್ತಾಯಕ್ಕೆ ಹಿನ್ನೆಲೆ ಗಟ್ಟಿಯಾಗಿದೆ. 2001ರ ಸೆಪ್ಟೆಂಬರ್ 11ರ ದಾಳಿ ನಡೆದ ನಾಲ್ಕನೆಯ ದಿನ ಅರಿಜೋನಾದ ಮೇಸಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಬಲ್ಬೀರ್ ಸಿಂಗ್ ಸೋಧಿ ಅವರನ್ನು ಪೇಟ ನೋಡಿ ಗುಂಡಿಟ್ಟು ಕೊಂದರು. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದ ಮೇಲೆ ದಾಳಿಯಾಯಿತು. ಆಗ ಎಫ್‌ಬಿಐಯ ದ್ವೇಷಾಪರಾಧದ ಪಟ್ಟಿಯಲ್ಲಿ ಸಿಖ್ಖರ ಹೆಸರೇ ಇರಲಿಲ್ಲ. ಸಿಖ್, ಹಿಂದೂ ಮತ್ತು ಅರಬ್ ವಿರೋಧಿ ಅಪರಾಧಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಲು ಶುರು ಮಾಡಿದ್ದು 2015ರಲ್ಲಿ.

‘ನಾವು ಮುಸ್ಲಿಮರಲ್ಲ’ ಎಂದು ಹೇಳಿ ಪಾರಾಗುವ ದಾರಿಯೂ ಆಗ ಸಿಖ್ಖರ, ಹಿಂದೂಗಳ ಮುಂದಿತ್ತು. ಹಾಗೆ ಹೇಳಿದರೆ ಮುಸ್ಲಿಮನನ್ನು ಹೊಡೆಯುವುದು ಸರಿ ಎಂದಂತೆ ಆಗುತ್ತದೆ ಎಂದು ಹಲವು ಸಿಖ್ ಕಾರ್ಯಕರ್ತರು ಆ ಮಾತನ್ನೇ ಬಿಟ್ಟರು. ಅವರ ಈ ನಿಲುವಿನ ಬಗ್ಗೆ ನಮಗೆ ಬಹಳ ಗೌರವವಿದೆ.

ಕನ್ನಡಿಗರು ಎಲ್ಲಿ ಎಣಿಕೆಯಾಗುತ್ತಾರೆ?

ಹತ್ತು ವರ್ಷಕ್ಕೊಮ್ಮೆ ಬರುವ ಗಣತಿಯಲ್ಲಿ ಎಲ್ಲೂ ಇಲ್ಲ, ಅಲ್ಲಿ ಭಾಷೆ ಕೇಳುವುದಿಲ್ಲ. ಭಾಷೆ ಕೇಳುವುದು ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ. ಇದು ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುವ ಸಮೀಕ್ಷೆ. ಐದು ವರ್ಷ ತುಂಬಿದ ಪ್ರತಿಯೊಬ್ಬರ ಬಗ್ಗೆ ಮೂರು ವಿಷಯ ಕೇಳುತ್ತಾರೆ: ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಮಾತಾಡುತ್ತಾರೆಯೇ, ಯಾವುದು, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ.

ಇಲ್ಲಿ `Kannada` ಎಂದೇ ಸ್ಪಷ್ಟವಾಗಿ ಬರೆಯಬೇಕು. `Indian` ಎಂದು ಬರೆದರೆ ಯಾವ ಭಾಷೆ ಎಂದು ತಿಳಿಯದ ಭಾರತೀಯ ಭಾಷೆಯ ಲೆಕ್ಕಕ್ಕೆ ಹೋಗುತ್ತದೆ. ಒಬ್ಬರಿಗೆ ಒಂದೇ ಭಾಷೆ ಲೆಕ್ಕಕ್ಕೆ ಬರುವುದರಿಂದ ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವವರು ಯಾವುದನ್ನು ಬರೆಯುವುದೆಂದು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಮಗು ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ ಎಂದಾದರೆ, ಪ್ರಶ್ನೆ ಕೇಳುವುದು ಮಾತಾಡುವ ಬಗ್ಗೆ ಎಂಬುದು ನೆನಪಿರಲಿ.

ಇಷ್ಟೆಲ್ಲ ಮಾಡಿದರೂ ಸಾಮಾನ್ಯವಾಗಿ ಎಲ್ಲರೂ ನೋಡುವ ಭಾಷಾಪಟ್ಟಿಯಲ್ಲಿ, ಅಂದರೆ `B16001` ಎಂಬ ಕೋಷ್ಟಕದಲ್ಲಿ, 2016ರಿಂದ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು ಇವೆ. ಕನ್ನಡ ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’ ಎಂಬ ಸಾಲಿನಲ್ಲಿದೆ. ಮರಾಠಿಯೂ ನೇಪಾಳಿಯ ಜೊತೆ ಇಂಥದೇ ಸಾಲಿನಲ್ಲಿದೆ. ಊರು, ಕೌಂಟಿ ಮಟ್ಟದಲ್ಲಿ ಸಂಖ್ಯೆ ಕಡಿಮೆಯಾದಾಗ ಯಾರ ಗುರುತೂ ಬಯಲಾಗಬಾರದು, ಅಂದಾಜೂ ತೀರಾ ಹುಸಿಯಾಗಬಾರದು ಎಂದು ಹೀಗೆ ಸೇರಿಸುತ್ತಾರೆ. ಕನ್ನಡವನ್ನು ಬೇರೆಯಾಗಿ ನೋಡಬೇಕಾದರೆ ಬ್ಯೂರೋ ಕೊಡುವ ವ್ಯಕ್ತಿವಾರು ಮಾದರಿ ದತ್ತಾಂಶಕ್ಕೆ ಹೋಗಿ ಭಾಷಾ ಸಂಕೇತದಿಂದ ಆರಿಸಬೇಕು. ಆ ಸಾಲನ್ನು ಪೂರ್ತಿ ಕನ್ನಡಿಗರದೆಂದು ಹಿಡಿದು ಸಂಖ್ಯೆ ಹೇಳಿದರೆ ಮಲಯಾಳಿಗಳನ್ನೂ ಕನ್ನಡಿಗರೆಂದು ಎಣಿಸಿದಂತೆ.

ಸರ್ಕಾರದ ಲೆಕ್ಕದಲ್ಲಿ ಭಾಷೆ ಹೀಗೆ ಮರೆಯಾದರೂ ಬದುಕಿನಲ್ಲಿ ಸಂಘ ಕಟ್ಟಿಕೊಳ್ಳುವುದು ಭಾಷೆಯ ಮೇಲೆಯೇ. ಊರೂರಿನ ಕನ್ನಡ ಕೂಟಗಳು, ಅವುಗಳ ಒಕ್ಕೂಟ ‘ಅಕ್ಕ’, ಹಾಗೆಯೇ ತೆಲುಗರ, ತಮಿಳರ, ಬಂಗಾಳಿಗಳ ಸಂಘಗಳು ಇದಕ್ಕೆ ಸಾಕ್ಷಿ. ಕಚೇರಿಯಲ್ಲಿ ‘ಏಷ್ಯನ್’, ನೆರೆಹೊರೆಗೆ ‘ಇಂಡಿಯನ್’, ಶನಿವಾರದ ಕನ್ನಡ ತರಗತಿಯಲ್ಲಿ ಕನ್ನಡಿಗ ಎಂದು ಮೂರು ಹೆಸರಿನಲ್ಲೂ ಅದೇ ಮನೆಯವರು ಬದುಕುತ್ತಾರೆ.

ಈ ಗುಂಪುಗಳಿಂದ ನಿಜಕ್ಕೂ ಏನಾದರೂ ಸಿಗುತ್ತದೆಯೇ?

ಮತಪತ್ರದ ಉದಾಹರಣೆ ನೋಡಿ. ಮತದಾನ ಹಕ್ಕುಗಳ ಕಾಯಿದೆಯ 203ನೆಯ ಸೆಕ್ಷನ್ ಪ್ರಕಾರ, ಒಂದು ಕೌಂಟಿಯಲ್ಲಿ ಒಂದು ಭಾಷಾ ಅಲ್ಪಸಂಖ್ಯಾತ ಗುಂಪಿನ, ಇಂಗ್ಲಿಷ್ ಸರಿಯಾಗಿ ಬಾರದ, ಮತದಾನದ ವಯಸ್ಸಿನ ಪೌರರು 10,000ಕ್ಕಿಂತ ಹೆಚ್ಚಿದ್ದರೆ ಅಥವಾ ಅಲ್ಲಿನ ಮತದಾನದ ವಯಸ್ಸಿನ ಒಟ್ಟು ಪೌರರಲ್ಲಿ ಶೇ. 5ಕ್ಕಿಂತ ಹೆಚ್ಚಿದ್ದರೆ, ಜೊತೆಗೆ ಆ ಗುಂಪಿನ ಅನಕ್ಷರತೆ ರಾಷ್ಟ್ರದ ಸರಾಸರಿಗಿಂತ ಮೇಲಿದ್ದರೆ, ಅವರ ಭಾಷೆಯಲ್ಲೂ ಮತಪತ್ರ ಕೊಡಬೇಕು. ಲೆಕ್ಕ ಬರುವುದು ಮೇಲೆ ಹೇಳಿದ ಸಮೀಕ್ಷೆಯಿಂದಲೇ.

2011ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ‘ಏಷ್ಯನ್ ಇಂಡಿಯನ್’ ಗುಂಪಿನ ಮೇಲೆ ಈ ಅರ್ಹತೆ ಪಡೆಯಿತು. ತೊಡಕು ಅಲ್ಲಿಂದಲೇ ಶುರುವಾಯಿತು. ಆದೇಶದಲ್ಲಿ ಇದ್ದದ್ದು ಗುಂಪಿನ ಹೆಸರು, ಭಾಷೆಯ ಹೆಸರಲ್ಲ. ಹಿಂದಿಯೇ, ಪಂಜಾಬಿಯೇ, ಗುಜರಾತಿಯೇ? ಸ್ಥಳೀಯ ಚುನಾವಣಾ ಮಂಡಳಿ ಕೊನೆಗೆ ಬಂಗಾಳಿಯನ್ನು ಆರಿಸಿತು. ಅದೂ ತಡವಾಗಿ, ಸಂಘಟನೆಗಳು ನ್ಯಾಯಾಲಯಕ್ಕೆ ಹೋದ ಮೇಲೆ. ಹೀಗೆ ‘ಏಷ್ಯನ್ ಇಂಡಿಯನ್’ ಎಂಬ ಹೆಸರಿನಲ್ಲಿ ಬಂದ ಮತಪತ್ರ ಬಾಂಗ್ಲಾದೇಶಿಗಳಿಗೂ ಒದಗಿತು. ಅದೇ ವರ್ಷ ಮಿಷಿಗನ್‌ನ ಹ್ಯಾಮ್‌ಟ್ರಾಮಿಕ್ ಪಟ್ಟಣ ನೇರವಾಗಿ ‘ಬಾಂಗ್ಲಾದೇಶಿ’ ಗುಂಪಿನ ಮೇಲೆ ಅರ್ಹತೆ ಪಡೆದಿತ್ತು. ಅಲ್ಲಿ ಯಾವ ಭಾಷೆ ಎಂಬ ಪ್ರಶ್ನೆಯೇ ಏಳಲಿಲ್ಲ. ದೊಡ್ಡ ಗುಂಪು ಸಂಖ್ಯೆಯ ಮಿತಿ ದಾಟಿಸುತ್ತದೆ, ಸಣ್ಣ ಗುಂಪು ಬೇಕಾದದ್ದನ್ನೇ ಕೊಡಿಸುತ್ತದೆ. ಎರಡರಲ್ಲಿ ಯಾವುದು ಲಾಭ ಎಂಬುದು ಆ ಕೌಂಟಿಯಲ್ಲಿ ಎಷ್ಟು ಜನರಿದ್ದಾರೆ ಎಂಬುದರ ಮೇಲೆ ನಿಂತಿದೆ.

ಇಂಗ್ಲಿಷ್ ‘ತುಂಬ ಚೆನ್ನಾಗಿ’ ಬರುತ್ತದೆ ಎಂಬುದಕ್ಕಿಂತ ಕೆಳಗಿನ ಉತ್ತರ ಕೊಟ್ಟವರು ಮಾತ್ರ ಈ ಲೆಕ್ಕಕ್ಕೆ ಬರುತ್ತಾರೆ. ಮನೆಯ ಮಗ ಫಾರಂ ತುಂಬುತ್ತ ಮರ್ಯಾದೆಯ ಪ್ರಶ್ನೆ ಎಂದು ಅಪ್ಪನಿಗೂ ಅಮ್ಮನಿಗೂ ‘ತುಂಬ ಚೆನ್ನಾಗಿ’ ಎಂದು ಗುರುತು ಮಾಡಿದರೆ, ಅವರಿಗೆ ಬೇಕಾಗಿದ್ದ ನೆರವು ಅಲ್ಲೇ ಕೈತಪ್ಪುತ್ತದೆ.

‘ಸೌತ್ ಏಷ್ಯನ್’ ಎಂಬ ಹೆಸರು ಯಾರದು? ಕೆಲವರು ಅದನ್ನು ಏಕೆ ವಿರೋಧಿಸುತ್ತಾರೆ?

ಗಣತಿಯ ಬಾಕ್ಸಿನಲ್ಲಿ ಈ ಹೆಸರಿಲ್ಲ. ಇದನ್ನು ಗಟ್ಟಿ ಮಾಡಿದ್ದರಲ್ಲಿ ಮಹಿಳಾ ಸಂಘಟನೆಗಳ ಪಾಲು ದೊಡ್ಡದು. ನ್ಯೂಜೆರ್ಸಿಯಲ್ಲಿ 1985ರಲ್ಲಿ ‘ಮಾನವಿ’, ನ್ಯೂಯಾರ್ಕಿನಲ್ಲಿ 1989ರಲ್ಲಿ ‘ಸಖಿ’ ಹುಟ್ಟಿದವು. ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಬಂದ ಹೆಣ್ಣು ಲಾಹೋರಿನವಳೋ ಸೂರತ್ತಿನವಳೋ ಎಂದು ಕೇಳುವ ಅಗತ್ಯ ಅವಕ್ಕಿರಲಿಲ್ಲ. ವೀಸಾ ಗಂಡನ ಹೆಸರಿನಲ್ಲಿರುವುದು, ಅತ್ತೆಮನೆಯ ಒತ್ತಡ, ಪೊಲೀಸರಿಗೆ ಭಾಷೆ ತಿಳಿಯದಿರುವುದು ಇವು ಗಡಿಯ ಎರಡೂ ಕಡೆಯವರಿಗೆ ಒಂದೇ ಆಗಿದ್ದವು. ಟ್ಯಾಕ್ಸಿ ಚಾಲಕರು, ಮನೆಗೆಲಸದವರು ಸಂಘಟಿತರಾದಾಗಲೂ ಇದೇ ವಿಶಾಲ ಹೆಸರು, ಇಲ್ಲವೇ ‘ದೇಸಿ’ ಎಂಬ ಆತ್ಮೀಯ ಹೆಸರು ಕೆಲಸಕ್ಕೆ ಬಂತು.

ವಿರೋಧಕ್ಕೆ ಬೇರೆ ಬೇರೆ ಮೂಲಗಳಿವೆ. ಭಾರತದ ಹೆಸರು ಅಳಿಸಿಹೋಗುತ್ತದೆ ಎಂಬುದು ಒಂದು. 2016ರಲ್ಲಿ ಕ್ಯಾಲಿಫೋರ್ನಿಯಾದ ಶಾಲಾ ಪಠ್ಯದ ಚೌಕಟ್ಟಿನಲ್ಲಿ ಕೆಲವು ಕಡೆ ‘ಭಾರತ’ದ ಬದಲು ‘ದಕ್ಷಿಣ ಏಷ್ಯಾ’ ಇರಲಿ ಎಂದು ಒಂದು ವಿದ್ವಾಂಸರ ಗುಂಪು ಸೂಚಿಸಿದಾಗ ಹಿಂದೂ ಸಂಘಟನೆಗಳು ದೊಡ್ಡ ಪ್ರತಿಭಟನೆ ಮಾಡಿದವು. ಪಾಕಿಸ್ತಾನಿ, ಶ್ರೀಲಂಕನ್, ನೇಪಾಳಿಗಳ ದೂರು ಇದಕ್ಕೆ ತಿರುವುಮುರುವು: ಹೆಸರು ದಕ್ಷಿಣ ಏಷ್ಯಾ ಆದರೂ ವೇದಿಕೆ, ಊಟ, ಹಬ್ಬ ಎಲ್ಲವೂ ಉತ್ತರ ಭಾರತದ್ದೇ ಇರುತ್ತದೆ. ದಕ್ಷಿಣ ಭಾರತದವರಿಗೂ ಈ ದೂರು ಹೊಸದಲ್ಲ. ಪಠ್ಯದಲ್ಲಿ ಆಯಾ ಕಾಲದ, ಆಯಾ ಜಾಗದ ಹೆಸರು ಇರಬೇಕು, ಸಂಘಟನೆಯಲ್ಲಿ ಸೇರಿದವರಿಗೆ ಒಪ್ಪುವ ಹೆಸರು ಇರಬೇಕು ಎನ್ನುವುದು ನಮ್ಮ ನಿಲುವು.

2024ರ ಮಾರ್ಚ್ 28ರಂದು ಪರಿಷ್ಕೃತವಾದ ಅಮೆರಿಕದ ಕೇಂದ್ರ ಸರ್ಕಾರದ ಜನಾಂಗಪಟ್ಟಿಯ ಮಾನದಂಡ ‘ಏಷ್ಯನ್’ ವರ್ಗದ ವಿವರಣೆಯಲ್ಲಿ ‘ಭಾರತ ಉಪಖಂಡ’ದ ಬದಲು ‘ದಕ್ಷಿಣ ಏಷ್ಯಾ’ ಎಂದು ಬರೆದಿದೆ. ಬಾಕ್ಸಿನ ಹೆಸರು ಮಾತ್ರ ‘ಏಷ್ಯನ್ ಇಂಡಿಯನ್’ ಎಂದೇ ಉಳಿದಿದೆ.

ಜಾತಿ ಈ ಯಾವ ಲೆಕ್ಕದಲ್ಲೂ ಕಾಣುವುದಿಲ್ಲವಲ್ಲ?

ಕಾಣುವುದಿಲ್ಲ, ಅದೇ ಕಷ್ಟ. ಹೊರಗಿನವರಿಗೆ ಎಲ್ಲರೂ ‘ಇಂಡಿಯನ್’ ಆದದ್ದರಿಂದ, ಒಬ್ಬ ಭಾರತೀಯ ಮೇಲಧಿಕಾರಿ ಇನ್ನೊಬ್ಬ ಭಾರತೀಯನಿಗೆ ಭೇದ ಮಾಡಿದರೆ ಕಚೇರಿಯ ದೂರು ವಿಭಾಗಕ್ಕೆ ಅದು ಭೇದವೆಂದೇ ತೋರುವುದಿಲ್ಲ, ಇಬ್ಬರ ಬಾಕ್ಸೂ ಒಂದೇ. ದಲಿತ ಸಂಘಟನೆಗಳು ಜಾತಿಯನ್ನು ಕಾನೂನಿನಲ್ಲಿ ಹೆಸರಿಟ್ಟು ಸೇರಿಸಿ ಎಂದು ಕೇಳಿದ್ದು ಇದಕ್ಕೇ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಹಾಗೆ ಮಾಡಿದ ಅಮೆರಿಕದ ಮೊದಲ ನಗರವಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಮಸೂದೆಗೆ, ಈಗಿರುವ ಕಾನೂನೇ ಸಾಕು ಎಂದು ಗವರ್ನರ್ ಅಕ್ಟೋಬರ್‌ನಲ್ಲಿ ತಡೆಯೊಡ್ಡಿದರು. ವಿರೋಧಿಸಿದ ಹಿಂದೂ ಸಂಘಟನೆಗಳ ವಾದ, ಜಾತಿಯ ಹೆಸರೆತ್ತಿದರೆ ಇಡೀ ಸಮುದಾಯದ ಮೇಲೆ ಅನುಮಾನದ ಕಣ್ಣು ಬೀಳುತ್ತದೆ ಎಂಬುದು. ಆ ಅಂಜಿಕೆ ಏನೇ ಇರಲಿ, ಭೇದ ಅನುಭವಿಸಿದವನಿಗೆ ದೂರು ಬರೆಯಲು ಒಂದು ಹೆಸರಾದರೂ ಇರಬೇಕು ಎಂದು ನಾವು ನಂಬುತ್ತೇವೆ.

ಬ್ರಿಟನ್ನಿನಲ್ಲೂ ಹೀಗೆಯೇ?

ಅಲ್ಲಿ ಮಾತಿನಲ್ಲಿ ‘ಏಷ್ಯನ್’ ಎಂದರೆ ನಮ್ಮ ಉಪಖಂಡದವರು. ಅಮೆರಿಕದಲ್ಲಿ ಅದೇ ಹೆಸರು ಕೇಳಿದರೆ ಹೆಚ್ಚಿನವರಿಗೆ ಚೀನಾ, ಜಪಾನ್ ಕಡೆಯವರ ಮುಖ ನೆನಪಾಗುತ್ತದೆ. ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋದವರು ಮೊದಲು ಎಡವುವುದು ಇಲ್ಲೇ. ಬ್ರಿಟನ್ನಿನಲ್ಲಿ ಜನಾಂಗದ ಪ್ರಶ್ನೆ ಗಣತಿಗೆ ಬಂದದ್ದು 1991ರಲ್ಲಿ. ಶುರುವಿನಿಂ‌ದಲೇ ಭಾರತೀಯ, ಪಾಕಿಸ್ತಾನಿ, ಬಾಂಗ್ಲಾದೇಶಿಗಳಿಗೆ ಬೇರೆ ಬೇರೆ ಬಾಕ್ಸ್ ಇತ್ತು. ಸಿಖ್ಖರನ್ನು ಕಾನೂನಿನ ದೃಷ್ಟಿಯಲ್ಲಿ ಜನಾಂಗೀಯ ಗುಂಪು ಎಂದು ಹೌಸ್ ಆಫ್ ಲಾರ್ಡ್ಸ್ 1983ರಲ್ಲೇ, ಪೇಟ ತೊಟ್ಟ ಹುಡುಗನಿಗೆ ಶಾಲೆ ಪ್ರವೇಶ ನಿರಾಕರಿಸಿದ ಮಾಂಡ್ಲಾ ಮೊಕದ್ದಮೆಯಲ್ಲಿ, ಒಪ್ಪಿತ್ತು.

ಗಣತಿಯಲ್ಲಿ ಬರೆದದ್ದು ವಲಸೆ ಇಲಾಖೆಗೆ ಹೋಗುತ್ತದೆಯೇ? ಕಚೇರಿಯ ಫಾರಂನಲ್ಲೂ ಹೀಗೇ ಬರೆಯಬೇಕೇ?

ಅಮೆರಿಕದ ಗಣತಿ ಕಾನೂನಿನಂತೆ, ಅಂದರೆ ‘ಟೈಟಲ್ 13’ರಂತೆ, ಒಬ್ಬ ವ್ಯಕ್ತಿಯ ಉತ್ತರವನ್ನು ಬ್ಯೂರೋ ವಲಸೆ, ತೆರಿಗೆ, ಪೊಲೀಸ್ ಸೇರಿದಂತೆ ಬೇರೆ ಯಾರಿಗೂ ಕೊಡುವಂತಿಲ್ಲ. 2020ರ ಫಾರಂನಲ್ಲಿ ಪೌರತ್ವದ ಪ್ರಶ್ನೆ ಸೇರಿಸಲು ನಡೆದ ಯತ್ನವನ್ನು ಸುಪ್ರೀಂ ಕೋರ್ಟು 2019ರ ಜೂನ್‌ನಲ್ಲಿ ತಡೆಯಿತು. ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ ಮಾತ್ರ ಪೌರತ್ವದ ಪ್ರಶ್ನೆ ಇದೆ, ಅದಕ್ಕೂ ಇದೇ ಗೌಪ್ಯತೆ ಅನ್ವಯಿಸುತ್ತದೆ.

ಕಚೇರಿಯ ಫಾರಂ ಬೇರೆಯ ವಿಷಯ. ಉದ್ಯೋಗದಾತರು ಸರ್ಕಾರಕ್ಕೆ ಕೊಡುವ ವರದಿಯಲ್ಲಿ ‘ಏಷ್ಯನ್’ ಎಂಬ ಒಂದೇ ವರ್ಗ ಬಳಕೆಯಲ್ಲಿದೆ, ಅದರೊಳಗೆ ಭಾರತೀಯ, ಚೀನೀ, ವಿಯೆಟ್ನಾಮಿ ಎಂಬ ವಿಂಗಡಣೆ ಇಲ್ಲ. ಅಲ್ಲಿ ಗೆರೆ ಇದ್ದರೂ ನೀವು ಬರೆದದ್ದು ಆ ವರದಿಯಲ್ಲಿ ಮುಂದೆ ಹೋಗುವುದಿಲ್ಲ. ಹಾಗಾಗಿ ಒಂದು ಕಂಪನಿ ತನ್ನಲ್ಲಿ ಏಷ್ಯನ್ನರು ಇಷ್ಟಿದ್ದಾರೆ ಎಂದು ತೋರಿಸುವ ಸಂಖ್ಯೆಯಿಂದ ಅಲ್ಲಿ ಬಾಂಗ್ಲಾದೇಶಿಗಳು ಇದ್ದಾರೋ ಇಲ್ಲವೋ, ಭಾರತೀಯರಿಗೆ ಬಡ್ತಿ ಸಿಗುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯಲಾಗುವುದಿಲ್ಲ. ಅದು ಬೇಕಿದ್ದರೆ ನೌಕರರ ಗುಂಪಿನ ಮೂಲಕ ಕಂಪನಿಯನ್ನೇ ಒಳವಿಂಗಡಣೆಯ ಲೆಕ್ಕ ಕೇಳಬೇಕು.